ಥಂಬ್ಸ್ ಅಪ್ ಅಂದ್ರೆ ಒಪ್ಪಿಗೆ ಅಲ್ಲ ಮಗಾ

1/6

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಎಡಗಡೆ ಬಿಳಿ ಬಟ್ಟೆ ಮೇಲೆ ನಿಂಬೆಹಣ್ಣಿನಂಥ ಹಳದಿ. ಬಲಗಡೆ ಮರೂನ್ ಟಿ-ಶರ್ಟ್ ಮೇಲೆ ಹಳೇ ಸಾಸಿವೆ ಥರ ಮಂಕು ಬಣ್ಣ. ಎರಡಕ್ಕೂ ಹಾಕಿರೋದು ಒಂದೇ ಡಬ್ಬದ ಇಂಕು. ಈ ಎರಡರ ಮಧ್ಯೆ ನನ್ನ ದುಡ್ಡು ಹೋಯ್ತು.

ಮಳವಳ್ಳಿ ಕಡೆ ಒಂದೂರಿನ ಯುವಕರ ಸಂಘ. ಹಬ್ಬಕ್ಕೆ 120 ಟಿ-ಶರ್ಟ್ ಬೇಕು ಅಂದ್ರು. ಪೀಸಿಗೆ 220 ರೂಪಾಯಿ, ಒಟ್ಟು 26,400. ಅಡ್ವಾನ್ಸ್ 10,000 ಕೊಟ್ರು. ಮರೂನ್ ಸ್ಟಾಕ್ ಇನ್ನೂ ಬಂದಿರಲಿಲ್ಲ. ಸರಿ, ಡಿಸೈನ್ ತೋರಿಸೋಕೆ ತಾನೇ ಅಂತ ಕೈಗೆ ಸಿಕ್ಕಿದ ಬಿಳಿ ತುಂಡು ಬಟ್ಟೆ ಮೇಲೆ ಪ್ರಿಂಟ್ ಹೊಡೆಸಿ, ಫೋಟೋ ತೆಗೆದು ಅವರ ವಾಟ್ಸ್ಆ್ಯಪ್ ಗ್ರೂಪ್‌ಗೆ ಹಾಕಿದೆ. ಒಬ್ಬರು ಥಂಬ್ಸ್ ಅಪ್ ಒತ್ತಿದ್ರು. ಇನ್ನೊಬ್ಬರು "ಸೂಪರ್ ಬ್ರೋ" ಅಂದ್ರು. ಮೂರನೆಯವರು "ಅಕ್ಷರ ಸ್ವಲ್ಪ ದೊಡ್ಡದಾದ್ರೆ ಚೆನ್ನಾಗಿರತ್ತೆ" ಅಂದ್ರು. ನಾನು ಮೂರನ್ನೂ ಸೇರಿಸಿ ಓಕೆ ಅಂದ್ಕೊಂಡು ಬಲ್ಕ್ ಶುರು ಮಾಡಿಸ್ಬಿಟ್ಟೆ.

ಮಾಲು ಇಳಿಸಿದ ದಿನ ಅಣ್ಣನೊಬ್ಬ ಒಂದು ಪೀಸ್ ಬಿಚ್ಚಿ ನೋಡಿ ಕೇಳಿದ್ದು ಒಂದೇ ಮಾತು: "ಇದೇನ್ಲಾ, ತೋರಿಸಿದ್ದು ಇದಲ್ವಲ್ಲ?"

2/6

ಆಗ ನನಗೆ ಕೋಪ ಬಂದಿತ್ತು. ಗ್ರೂಪ್‌ನಲ್ಲಿ ಓಕೆ ಅಂದೋರು ನೀವೇ ಅಲ್ವಾ ಅಂತ ಸ್ಕ್ರೀನ್‌ಶಾಟ್ ತೆಗೆದು ತೋರಿಸೋಕೆ ಹೋದೆ. ಈಗ ಹೇಳ್ತೀನಿ ಕೇಳಿ, ತಪ್ಪು ನಂದೇ.

ಗಾಢ ಬಣ್ಣದ ಬಟ್ಟೆ ಮೇಲೆ ಹಳದಿ ಎದ್ದು ಕಾಣಬೇಕು ಅಂದ್ರೆ ಅದರಡಿ ಮೊದಲು ಬಿಳಿ ಕೋಟ್ ಹೊಡೀಬೇಕು. ಅದಕ್ಕೆ ಇನ್ನೊಂದು ಸ್ಕ್ರೀನ್ ಬೇಕು, ಪ್ರತಿ ಪೀಸೂ ಇನ್ನೊಂದು ಸಲ ಟೇಬಲ್ ಮೇಲೆ ಬರಬೇಕು. ಬಿಳಿ ಕೋಟ್ ಇಲ್ಲದಿದ್ರೆ ಅಡಿಯ ಮರೂನ್ ಹಳದಿಯನ್ನ ನುಂಗುತ್ತೆ. ಬಿಳಿ ಬಟ್ಟೆ ಮೇಲೆ ಸ್ಯಾಂಪಲ್ ಮಾಡಿದಾಗ ಬಿಳಿ ಕೋಟಿನ ಪ್ರಶ್ನೆನೇ ಬರಲ್ಲ. ಹಾಗಾಗಿ ಏನು ಕೆಡಬಹುದಿತ್ತೋ ಅದನ್ನೇ ನನ್ನ ಸ್ಯಾಂಪಲ್ ಮುಚ್ಚಿಟ್ಟಿತ್ತು. ಅವರು ಒಪ್ಪಿದ್ದು ಡಿಸೈನನ್ನ. ಅವರ ಕೈಗೆ ಸಿಗೋ ವಸ್ತುವನ್ನ ಅವರು ನೋಡೇ ಇರಲಿಲ್ಲ.

ಕೊನೆಗೆ ಪೀಸಿಗೆ 60 ರೂಪಾಯಿ ಬಿಟ್ಟೆ, ಅಂದ್ರೆ 7,200. ಬಾಕಿ ಬರಬೇಕಿದ್ದ 16,400ರಲ್ಲಿ ಕೈಗೆ ಬಂದಿದ್ದು 9,200. ನನ್ನ ಲಾಭವೇ ಪೀಸಿಗೆ 45 ರೂಪಾಯಿ, ಒಟ್ಟು 5,400 ಇತ್ತು. ಕೆಲಸ ಮಾಡಿ 1,800 ಕೈಯಿಂದ ಹಾಕಿದ ಹಾಗಾಯ್ತು.

ಅದಕ್ಕೇ ನನ್ನ ಮೊದಲನೇ ಮಾತು: ಬಲ್ಕ್ ಯಾವ ಬಟ್ಟೆ, ಯಾವ ಇಂಕು, ಯಾವ ಟೇಬಲ್ಲೋ, ಸ್ಯಾಂಪಲ್ ಕೂಡ ಅದೇ ಆಗಿರಬೇಕು. ಬಟ್ಟೆ ಬಂದಿಲ್ಲ ಅಂದ್ರೆ ಸ್ಯಾಂಪಲ್ ಇನ್ನೂ ಆಗಿಲ್ಲ ಅಂತಲೇ ಹೇಳಿ. ಬೇರೆ ಬಟ್ಟೆ ಮೇಲೆ ಹೊಡೆದಿದ್ದಕ್ಕೆ ಒಪ್ಪಿಗೆ ಕೇಳಬೇಡಿ.

3/6

"ನಮ್ ಹಳ್ಳಿ ಆರ್ಡರ್‌ಗೆಲ್ಲ ಇಷ್ಟೊಂದು ರೂಲ್ಸ್ ಯಾಕೆ ಮಗಾ, ಬಾಯ್ಮಾತು ಸಾಕಲ್ವಾ" ಅಂತ ಕ್ಲಾಸ್‌ಮೇಟ್ಸ್ ಕೇಳ್ತಾರೆ. ಇದು ಬೆಂಗಳೂರಿಂದ ಬಂದ ರೂಲ್ ಅಲ್ಲ ಕಣ್ರೋ. ಮದ್ದೂರು, ಗೆಜ್ಜಲಗೆರೆ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕಂದಿರನ್ನ, ಅಮ್ಮಂದಿರನ್ನ ಕೇಳಿ ನೋಡಿ. ಗಾರ್ಮೆಂಟ್ಸ್ ಲೈನಲ್ಲಿ ಬಲ್ಕ್ ಹೊಲಿಗೆ ಶುರುವಾಗೋ ಮೊದಲು ಒಂದು ಪೀಸನ್ನ ಅದೇ ಬಟ್ಟೆ, ಅದೇ ದಾರ, ಅದೇ ಗುಂಡಿ ಹಾಕಿ ಹೊಲೀತಾರೆ. ಬಯರ್ ಕಡೆಯವರು ಅದನ್ನ ನೋಡಿ, ಕಾರ್ಡ್ ಕಟ್ಟಿ, ಸಹಿ ಮಾಡಿ ಸೀಲ್ ಹಾಕ್ತಾರೆ. ಅದಕ್ಕೆ ಸೀಲ್ಡ್ ಸ್ಯಾಂಪಲ್ ಅಂತಾರೆ. ಜಗಳ ಬಂದ್ರೆ ಯಾರೂ ಬಾಯ್ಮಾತಿಗೆ ಹೋಗಲ್ಲ, ಆ ಪೀಸನ್ನ ಪಕ್ಕದಲ್ಲಿಟ್ಟು ನೋಡ್ತಾರೆ.

ಕಾನೂನು ಹೇಳೋದೂ ಇದನ್ನೇ. 1930ರ ಸರಕು ಮಾರಾಟ ಕಾಯ್ದೆಯ 17ನೇ ಸೆಕ್ಷನ್ ಸ್ಯಾಂಪಲ್ ನೋಡಿ ನಡೆಯೋ ಮಾರಾಟದ ಬಗ್ಗೆನೇ ಇದೆ. ಬಲ್ಕ್ ಮಾಲು ಗುಣದಲ್ಲಿ ಸ್ಯಾಂಪಲ್‌ಗೆ ಹೊಂದಬೇಕು. ಎರಡನ್ನೂ ಹೋಲಿಸಿ ನೋಡೋಕೆ ಕೊಳ್ಳೋರಿಗೆ ಸರಿಯಾದ ಅವಕಾಶ ಇರಬೇಕು. ಸ್ಯಾಂಪಲ್ ನೋಡಿದಾಗ ಗೊತ್ತಾಗದಂಥ, ಮಾಲನ್ನ ಮಾರೋಕೆ ಆಗದ ಹಾಗೆ ಮಾಡೋ ದೋಷ ಒಳಗೆ ಇರಬಾರದು.

ಈ ಮೂರನೇದನ್ನ ಎಲ್ಲರೂ ಮರೀತಾರೆ. ಇಂಕು ಸರಿಯಾಗಿ ಬೇಯದಿದ್ರೆ (ಪ್ಲಾಸ್ಟಿಸಾಲ್ ಇಂಕಿಗೆ ಸುಮಾರು 160 ಡಿಗ್ರಿ ಬಿಸಿ ಬೇಕು) ಕಣ್ಣಿಗೆ ಚೆನ್ನಾಗೇ ಕಾಣತ್ತೆ, ಒಗೆದ ಮೇಲೆ ಬಿರುಕು ಬಿಡತ್ತೆ. ಅದಕ್ಕೆ ಕಸ್ಟಮರ್ "ನೋಡಿ ಒಪ್ಪಿದ್ದೆ" ಅಂತ ಬರೆದುಕೊಟ್ಟಿದ್ರೂ ನಾವು ತಪ್ಪಿಸಿಕೊಳ್ಳೋಕೆ ಆಗಲ್ಲ. ಹಾಗಾಗಿ ಸ್ಯಾಂಪಲ್ ಕೊಡೋ ಮೊದಲು ಪ್ರಿಂಟನ್ನ ಎರಡೂ ಕೈಲಿ ಎಳೆದು ನೋಡಿ, ಒಂದು ದಿನ ಬಿಟ್ಟು ಒಗೆದು ನೋಡಿ. ಅದು ನಮ್ಮ ಕೆಲಸ, ಅವರದ್ದಲ್ಲ.

4/6

ಎರಡನೇ ಕತೆ ಮದ್ದೂರಿಂದು, ಕಬಡ್ಡಿ ಟೀಮಿಂದು. 80 ಟಿ-ಶರ್ಟ್. ಈ ಸಲ ಮರೂನ್ ಬಟ್ಟೆ ಮೇಲೇ ಬಿಳಿ ಕೋಟ್ ಹಾಕಿ ಸ್ಯಾಂಪಲ್ ಹೊಡೆಸಿ, ಬಸ್ ಹತ್ತಿ ಹೋಗಿ ಕೈಗೇ ಕೊಟ್ಟೆ. ಬಣ್ಣ ಎಲ್ಲರಿಗೂ ಇಷ್ಟ ಆಯ್ತು. ಓಕೆ ಅನ್ನೋ ಅಷ್ಟರಲ್ಲಿ ಕ್ಯಾಪ್ಟನ್ ತಂಗಿ ಬೆನ್ನ ಮೇಲಿನ ಸಣ್ಣ ಸಾಲು ಓದಿ ನಕ್ಕುಬಿಟ್ಲು. "ಮದ್‌ದೂರು" ಅಂತ ಬಂದಿತ್ತು.

ನಮ್ಮ ಮೂರೂ ಊರಿನ ಹೆಸರಲ್ಲೂ ಒತ್ತಕ್ಷರ ಇದೆ, ಗಮನಿಸಿದ್ದೀರಾ? ಮಂಡ್ಯ, ಮದ್ದೂರು, ಮಳವಳ್ಳಿ. ಫೋನಲ್ಲಿ ಟೈಪ್ ಮಾಡಿದ್ದನ್ನ ಡಿಸೈನ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿದಾಗ, ಅದಕ್ಕೆ ಕನ್ನಡ ಜೋಡಿಸೋಕೆ ಬರದಿದ್ರೆ ಒತ್ತು ಕೆಳಗೆ ಇಳಿಯಲ್ಲ, ಪಕ್ಕದಲ್ಲಿ ಬಿಡಿಯಾಗಿ ನಿಲ್ಲತ್ತೆ. ಮಂಡ್‌ಯ, ಮಳವಳ್‌ಳಿ ಆಗತ್ತೆ. ದೊಡ್ಡ ಅಕ್ಷರದಲ್ಲಿ ಕಣ್ಣಿಗೆ ಬೀಳತ್ತೆ. ಸಣ್ಣ ಸಾಲಲ್ಲಿ, ಅದೂ ಫೋನ್ ಫೋಟೋದಲ್ಲಿ ಯಾರಿಗೂ ಕಾಣಲ್ಲ. ನಾವಂತೂ ಹತ್ತು ಸಲ ನೋಡಿರ್ತೀವಿ, ಕಣ್ಣು ತಾನೇ ಸರಿ ಮಾಡಿಕೊಂಡು ಓದಿಬಿಡತ್ತೆ.

ಸ್ಕ್ರೀನ್ ಮತ್ತೆ ಮಾಡಿಸೋಕೆ 350 ರೂಪಾಯಿ ಆಯ್ತು. ಅದೇ ತಪ್ಪು 80 ಪೀಸಲ್ಲಿ ಇದ್ದಿದ್ರೆ ಲೆಕ್ಕ ನೀವೇ ಹಾಕಿ. ಅವತ್ತಿಂದ ಸ್ಯಾಂಪಲ್ ಕೊಟ್ಟಾಗ "ನೋಡಿ" ಅನ್ನಲ್ಲ, "ಪ್ರತಿ ಅಕ್ಷರ ಜೋರಾಗಿ ಓದಿ" ಅಂತೀನಿ.

5/6

ಈಗ ಆ ಮೆಸೇಜ್. ಸೇವ್ ಮಾಡ್ಕೊಳ್ಳಿ, ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ. ಮದ್ದೂರಿಗೆ ಎರಡನೇ ಸ್ಯಾಂಪಲ್ ಕೊಟ್ಟಾಗ ನಾನು ಕಳಿಸಿದ್ದು:

"ನಮಸ್ಕಾರ ಅಣ್ಣ. ಇವತ್ತು ನಿಮ್ಮ ಕೈಗೆ ಕೊಟ್ಟಿದ್ದು ಸ್ಯಾಂಪಲ್ ನಂ. 2. ಮರೂನ್ ಕಾಟನ್, 180 ಜಿಎಸ್‌ಎಂ. ಎದೆ ಪ್ರಿಂಟ್ 10 ಇಂಚು ಅಗಲ, ಬಿಳಿ ಮತ್ತು ಹಳದಿ. ಬೆನ್ನ ಮೇಲೆ ಒಂದು ಸಾಲು. ಒಟ್ಟು 80: ಎಂ 20, ಎಲ್ 35, ಎಕ್ಸ್‌ಎಲ್ 25. ಪ್ರಿಂಟ್ ಜಾಗ ಅರ್ಧ ಇಂಚು ಆಚೀಚೆ ಆಗಬಹುದು. ಸ್ಯಾಂಪಲ್ ನಂ. 1 ರದ್ದು. ನಿಮ್ಮ ಒಪ್ಪಿಗೆ ಬಂದ ದಿನದಿಂದ 6 ದಿನಕ್ಕೆ ಮಾಲು ಕೊಡ್ತೀನಿ. ಒಪ್ಪಿಗೆ ತಡವಾದ್ರೆ ಮಾಲೂ ಅಷ್ಟೇ ದಿನ ತಡ. ಒಪ್ಪಿಗೆ ಆದಮೇಲೆ ಬದಲಾವಣೆ ಕೇಳಿದ್ರೆ ಅದರ ಖರ್ಚು ಬೇರೆ. ಮಾಲು ಸ್ಯಾಂಪಲ್ ಥರ ಇಲ್ಲದಿದ್ರೆ ಖರ್ಚು ನಂದು."

ಅದರ ಕೆಳಗೆ: "ಸರಿ ಇದ್ರೆ ಈ ಸಾಲನ್ನ ಕಾಪಿ ಮಾಡಿ ನಿಮ್ಮ ಹೆಸರು ಹಾಕಿ ಕಳಿಸಿ. 'ಸ್ಯಾಂಪಲ್ ನಂ. 2 ಕೈಯಲ್ಲಿ ಹಿಡಿದು ನೋಡಿದ್ದೇನೆ, ಅಕ್ಷರ ಓದಿದ್ದೇನೆ. ಬಟ್ಟೆ, ಬಣ್ಣ, ಅಳತೆ, ಸೈಜ್ ಲೆಕ್ಕ ಸರಿ ಇದೆ. ಇದೇ ರೀತಿ 80 ಪೀಸ್ ಮಾಡಲು ಒಪ್ಪಿಗೆ.' ಬದಲಾವಣೆ ಬೇಕಿದ್ರೆ 'ಒಪ್ಪಿಗೆ ಇಲ್ಲ, ಇದನ್ನು ಬದಲಿಸಿ' ಅಂತ ಬರೆದು ಏನು ಅಂತ ಹೇಳಿ."

ಇದರಲ್ಲಿ ಎರಡು ವಿಷಯ ಬೇಕಂತಲೇ ಇಟ್ಟಿದ್ದೀನಿ. ಒಂದು, ಒಪ್ಪಿಗೆ ಕೊಡೋರು ಒಬ್ಬರೇ. ಗ್ರೂಪಲ್ಲಿ ಇಪ್ಪತ್ತು ಜನ ಇರ್ತಾರೆ. ಯಾರ ಮಾತು ಕೊನೆ ಮಾತು ಅಂತ ಆರ್ಡರ್ ತಗೊಳ್ಳುವಾಗಲೇ ಕೇಳಿ, ಅವರ ನಂಬರ್‌ಗೇ ಕಳಿಸಿ. ಎರಡು, "ಮೂರು ದಿನದಲ್ಲಿ ಉತ್ತರ ಬರದಿದ್ರೆ ಒಪ್ಪಿಗೆ ಅಂದ್ಕೋತೀವಿ" ಅನ್ನೋ ಸಾಲು ಇಲ್ಲ. ಸುಮ್ಮನಿದ್ದೋರು ಒಪ್ಪಿದ್ರು ಅಂತ ನಾವೇ ತೀರ್ಮಾನ ಮಾಡೋ ಹಾಗಿಲ್ಲ. ಉತ್ತರ ಇಲ್ಲ ಅಂದ್ರೆ ಕೆಲಸ ಶುರು ಇಲ್ಲ, ಡೇಟ್ ಮುಂದೆ ಹೋಗತ್ತೆ, ಅಷ್ಟೇ.

"ಓಕೆ, ಆದ್ರೆ ಸ್ವಲ್ಪ ದೊಡ್ಡದು ಮಾಡಿ" ಅಂತ ಬಂದ್ರೆ ಅದು ಓಕೆ ಅಲ್ಲ. ಎಷ್ಟು ಇಂಚು ಅಂತ ಕೇಳಿ, ಮಾಡಿಸಿ, ಸ್ಯಾಂಪಲ್ ನಂ. 3 ಅಂತ ಮತ್ತೆ ಕೊಡಿ.

6/6

ಇಷ್ಟೆಲ್ಲ ಬರೆದು ಕಳಿಸಿದಾಗ ಮದ್ದೂರಿನ ಅಣ್ಣ ಫೋನ್ ಮಾಡಿ "ಯಾಕ್ ತಮ್ಮಾ, ನಮ್ ಮೇಲೆ ನಂಬಿಕೆ ಇಲ್ವಾ" ಅಂದ್ರು. ನಾನಂದೆ, "ನಿಮ್ ಮೇಲಿದೆ ಅಣ್ಣ, ನನ್ ಮೇಲೇ ಇಲ್ಲ. ಮಳವಳ್ಳಿಲಿ ತಪ್ಪು ಮಾಡಿದ್ದೀನಿ." ನಕ್ಕು, ಆ ಸಾಲು ಕಾಪಿ ಮಾಡಿ ಕಳಿಸಿದ್ರು.

ನನ್ನ ಅಭಿಪ್ರಾಯ ಇಷ್ಟೇ. ಒಪ್ಪಿಗೆ ಪತ್ರವನ್ನ ಕಸ್ಟಮರ್ ಬಾಯಿ ಮುಚ್ಚಿಸೋಕೆ ಅಂತ ಬರೆಸಿಕೊಂಡ್ರೆ ಅದು ಮೋಸಕ್ಕೆ ಹತ್ತಿರ. "ಒಪ್ಪಿಗೆ ಆದ ಮೇಲೆ ನಾವು ಯಾವುದಕ್ಕೂ ಜವಾಬ್ದಾರರಲ್ಲ" ಅಂತ ಹಾಕೋರನ್ನ ನೋಡಿದ್ದೀನಿ, ನೀವು ಹಾಕಬೇಡಿ. ಆ ಪತ್ರ ನಮ್ಮನ್ನೂ ಕಟ್ಟಿಹಾಕಬೇಕು. ಅದಕ್ಕೇ ನಾನೀಗ ಒಂದೇ ಥರದ ಎರಡು ಸ್ಯಾಂಪಲ್ ಮಾಡಿಸ್ತೀನಿ. ಎರಡಕ್ಕೂ ಚೀಟಿ ಕಟ್ಟಿ, ನಂಬರ್, ತಾರೀಖು, ಇಬ್ಬರ ಸಹಿ. ಒಂದು ಅವರ ಹತ್ರ, ಒಂದು ನನ್ನ ಹತ್ರ. ಮಾಲು ಇಳಿಸಿದ ದಿನ ಅವರ ಪೀಸನ್ನ ಅವರೇ ತಂದು ಪಕ್ಕದಲ್ಲಿಟ್ಟು ನೋಡಲಿ.

ಕೊನೇ ಫೋಟೋದಲ್ಲಿರೋದು ಮದ್ದೂರಿನ ಆ ಚೀಟಿ, ಹೆಸರು ಮುಚ್ಚಿದ್ದೀನಿ. ಬೆನ್ನ ಮೇಲಿನ ಸಾಲು ಓದಿ, ಒತ್ತು ಜಾಗದಲ್ಲೇ ಇದೆ.

ಫ್ಲೆಕ್ಸ್, ಲಗ್ನಪತ್ರಿಕೆ, ಟ್ರೋಫಿ ಏನೇ ಆರ್ಡರ್ ತಗೊಂಡು ಸ್ಯಾಂಪಲ್ ವಿಷಯದಲ್ಲಿ ಏಟು ತಿಂದಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಅಂಗಡಿ ಹೆಸರು ಬೇಡ, ಏನಾಯ್ತು ಅಂತ ಮಾತ್ರ.

#ಮಂಡ್ಯ #ಮದ್ದೂರು #ಮಳವಳ್ಳಿ #ಟಿಶರ್ಟ್‌ಪ್ರಿಂಟಿಂಗ್ #ಸ್ಯಾಂಪಲ್‌ಮೊದಲು