ಕೊಳ್ಳುವ ಮುನ್ನ: ಬೆನ್ನು ನೋಡಿ ಬೆಲೆ ಕಟ್ಟಿರಿ

ಹಳೆಯ ಪ್ಲೇಸ್ಟೇಷನ್ 4 ಯಂತ್ರವೊಂದನ್ನು ಮಕ್ಕಳಿಗಾಗಿ ಕೊಳ್ಳಬೇಕೆಂದಿರುವ ವಾಚಕರೊಬ್ಬರು, ಮಾರುವವನು ಅದನ್ನು ‘ಪ್ರೊ’ ಎಂದು ಹೇಳಿ ಹೆಚ್ಚಿನ ಬೆಲೆ ಕೇಳುತ್ತಿರುವನೆಂದೂ, ಆ ಮಾತನ್ನು ಪರೀಕ್ಷಿಸುವ ಬಗೆ ಹೇಗೆಂದೂ ಕೇಳಿದ್ದಾರೆ. ಅದಕ್ಕೆ ವಿಶೇಷ ವಿದ್ಯೆ ಬೇಕಿಲ್ಲ. ಯಂತ್ರವನ್ನು ತಿರುಗಿಸಿ ಹಿಂಬದಿಯನ್ನು ನೋಡಿದರೆ ಸಾಕು.

ಸೋನಿ ಸಂಸ್ಥೆ ಈ ಯಂತ್ರವನ್ನು ಮೂರು ರೂಪಗಳಲ್ಲಿ ತಂದಿತು: 2013ರ ಮೂಲ ರೂಪ, 2016ರ ತೆಳುವಾದ ಸ್ಲಿಮ್, ಅದೇ ವರ್ಷದ ಪ್ರೊ. ಇವುಗಳಲ್ಲಿ 4ಕೆ ದೂರದರ್ಶನಕ್ಕೆ ಅದರ ಪೂರ್ಣ ಸ್ಫುಟತೆಯ ಚಿತ್ರವನ್ನು ಕಳುಹಿಸಬಲ್ಲದ್ದು ಪ್ರೊ ಒಂದೇ. ಬೆಲೆಯ ಅಂತರಕ್ಕೆ ಇದು ಮುಖ್ಯ ಕಾರಣ.

ಮೊದಲು ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿಯನ್ನು ಹುಡುಕಿರಿ. ಅದಿದ್ದರೆ ಯಂತ್ರವು ಪ್ರೊ. ಉಳಿದೆರಡರಲ್ಲಿ ಯುಎಸ್‌ಬಿ ಇರುವುದು ಮುಂಭಾಗದಲ್ಲಿ ಮಾತ್ರ. ಅದಿಲ್ಲವಾದರೆ ‘ಆಪ್ಟಿಕಲ್’ ಎಂಬ ಧ್ವನಿಯ ಕಿಂಡಿಯನ್ನು ನೋಡಿರಿ. ಅದು ಮೂಲ ರೂಪದಲ್ಲಿದೆ, ಸ್ಲಿಮ್‌ನಲ್ಲಿ ಇಲ್ಲ. ಮನೆಯ ಹಳೆಯ ಧ್ವನಿವರ್ಧಕಕ್ಕೆ ಆ ತಂತಿಯೊಂದೇ ಹೊಂದುವುದಾದರೆ, ಸ್ಲಿಮ್ ಕೊಂಡವರು ಅದನ್ನು ನೇರವಾಗಿ ಜೋಡಿಸಲಾರರು.

ವಿದ್ಯುತ್ ತಂತಿಯನ್ನು ನಂಬಿ ತೀರ್ಮಾನಿಸಬೇಡಿ. ಮೊದಲ ಪ್ರೊಗಳಿಗೆ ಗಣಕಯಂತ್ರಕ್ಕಿರುವಂಥ ದಪ್ಪ ತಂತಿಯಿತ್ತು. ಅನಂತರದ ಪ್ರೊಗಳಿಗೆ ಉಳಿದೆರಡು ರೂಪಗಳಂತೆಯೇ ಸಣ್ಣ ತಂತಿ ಬಂದಿತು.

ಇನ್ನು ಕೈಯಲ್ಲಿ ಹಿಡಿದು ಆಡುವ ನಿಯಂತ್ರಕ. 2016ರಿಂದೀಚೆಗಿನದನ್ನು ಚಾಲನೆ ಮಾಡಿದಾಗ, ಬೆರಳಾಡಿಸುವ ಮೇಲ್ಹಲಗೆಯ ಅಂಚಿನಲ್ಲಿ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಹಿಂದಿನದರಲ್ಲಿ ಆ ಗೆರೆಯಿಲ್ಲ. ಆದರೆ ಎರಡೂ ಬಗೆಯವು ಮೂರೂ ಯಂತ್ರಗಳಿಗೆ ಹೊಂದುತ್ತವೆ. ಆದ್ದರಿಂದ ನಿಯಂತ್ರಕವು ಯಂತ್ರದ ಜಾತಿಯನ್ನು ಹೇಳದು. ಅದು ಮೂಲದಿಂದಲೇ ಜೊತೆಗಿದ್ದುದೋ, ಆಮೇಲೆ ಸೇರಿಸಿದ್ದೋ ಎಂಬುದರ ಸುಳಿವನ್ನಷ್ಟೇ ಕೊಡುತ್ತದೆ.

ನಮ್ಮ ವಾಚಕರು ಬರೆದಿರುವ ವಿವರಗಳನ್ನು ಈಗ ಒರೆಗೆ ಹಚ್ಚೋಣ. ಹಿಂದೆ ಯುಎಸ್‌ಬಿ ಇಲ್ಲ, ಆಪ್ಟಿಕಲ್ ಇದೆ, ನಿಯಂತ್ರಕದಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಡಬ್ಬಿಯ ಮೇಲೆ ಮಾತ್ರ ‘ಪ್ರೊ’ ಎಂದಿದೆ. ಹಾಗಾದರೆ ಇದು ಮೂಲ ರೂಪದ ಯಂತ್ರ. ಡಬ್ಬಿ ಬೇರೆಯದು, ನಿಯಂತ್ರಕವು ಬಹುಶಃ ಅನಂತರ ಕೊಂಡದ್ದು. ಒಡಲನ್ನೂ ನೋಡಿ ದೃಢಪಡಿಸಿಕೊಳ್ಳಬಹುದು: ಮೂಲ ರೂಪವು ಎರಡು ಪದರಗಳಂತೆ, ಪ್ರೊ ಮೂರು ಪದರಗಳಂತೆ ಕಾಣುತ್ತದೆ. ಯಂತ್ರದ ಮೇಲಿನ ಚೀಟಿಯಲ್ಲಿ ಸಿಯುಎಚ್ ಎಂಬ ಅಕ್ಷರಗಳ ಮುಂದಿನ ಅಂಕಿ 1ರಿಂದ ಆರಂಭವಾದರೆ ಮೂಲ, 2 ಆದರೆ ಸ್ಲಿಮ್, 7 ಆದರೆ ಪ್ರೊ. ಚೀಟಿಯನ್ನು ಕಿತ್ತು ಅಂಟಿಸಬಹುದು. ಕಿಂಡಿಗಳನ್ನು ಹಾಗೆ ಬದಲಿಸಲಾಗದು.

ಮಾರುವವನು ಸುಳ್ಳು ಹೇಳಿದನೆಂದು ಇದರ ಅರ್ಥವಲ್ಲ, ಅವನಿಗೂ ತಿಳಿಯದಿರಬಹುದು. ಯಂತ್ರ ಸುಸ್ಥಿತಿಯಲ್ಲಿದ್ದರೆ ಕೊಳ್ಳಲಡ್ಡಿಯಿಲ್ಲ. ಕೊಡಬೇಕಾದ ಬೆಲೆ ಮಾತ್ರ ಮೂಲ ರೂಪದ್ದು.