ನಿಮ್ಮ ಒಂದು ಗಂಟೆಗೆ ಬೆಲೆ ಎಷ್ಟು?

‘ಮನೇಲೇ ಇರ್ತೀರಲ್ಲ ಮೇಡಂ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ.’ ಮನೆಯಲ್ಲೇ ಕೂತು ಅನುವಾದ, ಡಿಟಿಪಿ, ಅಕೌಂಟ್ಸ್ ಕೆಲಸ ಮಾಡಿಕೊಡುವ ಗೃಹಿಣಿಯರು ಈ ಮಾತು ಕೇಳದೇ ಇರುವುದು ಅಪರೂಪ. ಸರಿಯಾದ ಉತ್ತರ ಹೊಳೆಯದೆ ನಾವೂ ತಲೆಯಾಡಿಸಿಬಿಡ್ತೀವಿ. ಯಾಕೆಂದರೆ ನಮ್ಮ ಗಂಟೆಗೆ ಎಷ್ಟು ಕೇಳಬೇಕು ಅನ್ನೋ ಲೆಕ್ಕವನ್ನು ನಾವೇ ಹಾಕಿರುವುದಿಲ್ಲ.

ಮೂಡಲಪಾಳ್ಯದ ಗೃಹಿಣಿಯೊಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಾರೆ ಅಂದುಕೊಳ್ಳಿ. ಮಕ್ಕಳು ಶಾಲೆಗೆ ಹೋದ ಮೇಲೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಕೂರುತ್ತಾರೆ. ಖರ್ಚೆಲ್ಲ ಕಳೆದು ತಿಂಗಳಿಗೆ 20,000 ರೂಪಾಯಿ, ಅಂದರೆ ವರ್ಷಕ್ಕೆ 2,40,000 ಕೈಗೆ ಬರಬೇಕು ಅನ್ನೋದು ಅವರ ಆಸೆ. ವರ್ಷಕ್ಕೆ 52 ವಾರ, ಒಟ್ಟು 1,040 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು 230 ರೂಪಾಯಿ. ಎಡವುವುದು ಇಲ್ಲೇ!

ಮೊದಲು ಖರ್ಚು ನೋಡೋಣ. 45,000 ರೂಪಾಯಿಯ ಲ್ಯಾಪ್‌ಟಾಪ್ ಮೂರು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 15,000 ಆಯಿತು. ಇಂಟರ್ನೆಟ್ಟಿಗೆ 9,600, ಕರೆಂಟ್ ಬಿಲ್ಲಿನಲ್ಲಿ ಕೆಲಸದ ಪಾಲು 3,600, ಫೋನು ಮತ್ತು ವಿಜಯನಗರದಿಂದ ಮೆಟ್ರೊ ಹಿಡಿದು ಕ್ಲೈಂಟ್ ಆಫೀಸಿಗೆ ಓಡಾಡೋದಕ್ಕೆ 4,800, ರಿಟರ್ನ್ಸ್ ಸಲ್ಲಿಸಿಕೊಡುವವರಿಗೆ 3,000. ಒಟ್ಟು 36,000. ಹಾಗಾಗಿ ವರ್ಷಕ್ಕೆ ದುಡಿಯಬೇಕಾದದ್ದು 2,76,000.

ಇನ್ನು ಗಂಟೆಗಳು. ಗೌರಿ-ಗಣೇಶ, ದಸರಾ, ಮಕ್ಕಳ ಬೇಸಿಗೆ ರಜೆ, ಮನೆಯವರ ಕಾಯಿಲೆ, ನೆಂಟರ ಮದುವೆ ಎಲ್ಲ ಕಳೆದರೆ ನೆಮ್ಮದಿಯಾಗಿ ಕೆಲಸ ಆಗೋದು 44 ವಾರ. ಆ ವಾರದ 20 ಗಂಟೆಗಳಿಗೂ ದುಡ್ಡು ಬರುವುದಿಲ್ಲ. ಸ್ಯಾಂಪಲ್ ಕಳಿಸೋದು, ಫೋನಿನಲ್ಲಿ ಮಾತಾಡೋದು, ಬಿಲ್ ಬರೆಯೋದು, ಹಳೇ ಬಾಕಿ ನೆನಪಿಸೋದು, ಇವಕ್ಕೆ ಎಂಟು ಗಂಟೆ ಹೋಯಿತು ಅನ್ನಿ. ದುಡ್ಡು ತರುವ ಗಂಟೆ ವಾರಕ್ಕೆ 12, ವರ್ಷಕ್ಕೆ 528 ಮಾತ್ರ. ಈಗ 2,76,000ವನ್ನು 528ರಿಂದ ಭಾಗಿಸಿ. ಗಂಟೆಗೆ ಹತ್ತಿರಹತ್ತಿರ 525 ರೂಪಾಯಿ! ಮೊದಲ ಲೆಕ್ಕದ ಎರಡರಷ್ಟಕ್ಕಿಂತಲೂ ಹೆಚ್ಚು.

ಅನುವಾದಕ್ಕೆ ಗಂಟೆ ಲೆಕ್ಕದಲ್ಲಿ ಕೊಡುವವರು ಕಡಿಮೆ, ಪದಕ್ಕಿಷ್ಟು ಅಂತಾರೆ. ತಿದ್ದುವುದೂ ಸೇರಿ ಗಂಟೆಗೆ 250 ಪದ ಮುಗಿಸುವವರಾದರೆ ಪದಕ್ಕೆ 2 ರೂಪಾಯಿ 10 ಪೈಸೆ ಬೀಳಬೇಕು. ‘ಪದಕ್ಕೆ ಒಂದು ರೂಪಾಯಿ’ ಎಂದವರಿಗೆ ಹೂಂ ಅಂದರೆ ವರ್ಷದ ದುಡಿಮೆ 1,32,000. ಖರ್ಚು ಕಳೆದು ಕೈಗೆ ಬರುವುದು 96,000, ತಿಂಗಳಿಗೆ ಬರೀ 8,000. ದುಡಿದಷ್ಟೇ ದುಡಿದಿರುತ್ತೀರಿ, 20,000 ಬರಬೇಕಾದ ಕಡೆ ಅರ್ಧವೂ ಬಂದಿರೋಲ್ಲ.

ತೆರಿಗೆಯ ಕಥೆ ಏನು? 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ ಇಂಥ ದುಡಿಮೆಯ ಆದಾಯ ವರ್ಷಕ್ಕೆ 12 ಲಕ್ಷ ದಾಟದಿದ್ದರೆ ತೆರಿಗೆ ಕಟ್ಟಬೇಕಿಲ್ಲ. ಆದರೂ ಒಂದೇ ಕಂಪನಿಯಿಂದ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಅವರು ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಹಿಡಿದೇ ಕೊಡುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಅಲ್ಲಿಯವರೆಗೆ ಕೈಯಲ್ಲಿರೋಲ್ಲ ಅಷ್ಟೇ. ಮನೆಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ದುಡಿಮೆ ದೊಡ್ಡದಾಗಿ ನಿಜಕ್ಕೂ ತೆರಿಗೆ ಬೀಳುವವರು ಒಂದು ಮಾತು ನೆನಪಿಡಿ: ನೂರಕ್ಕೆ ಹತ್ತು ಹೋಗುವುದಾದರೆ, ಬೇಕಾದ ಮೊತ್ತಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ ಸಾಲದು. ನೂರು ರೂಪಾಯಿ ಉಳಿಯಬೇಕಾದರೆ 110 ಅಲ್ಲ, 111ಕ್ಕೂ ಸ್ವಲ್ಪ ಹೆಚ್ಚೇ ದುಡಿಯಬೇಕು. ಅಂದರೆ ಮೊತ್ತವನ್ನು 0.9ರಿಂದ ಭಾಗಿಸಬೇಕು.

‘525 ಯಾರು ಕೊಡ್ತಾರೆ?’ ಅನ್ನಬಹುದು. ನ್ಯಾಯವಾದ ಪ್ರಶ್ನೆಯೇ. ಈ ಲೆಕ್ಕ ನಿಮಗೆ ಎಷ್ಟು ಬೇಕು ಅಂತ ಹೇಳುತ್ತದೆಯೇ ಹೊರತು ಮಾರುಕಟ್ಟೆ ಎಷ್ಟು ಕೊಡುತ್ತದೆ ಅಂತ ಅಲ್ಲ. ಅಷ್ಟು ಸಿಗದಿದ್ದರೆ ಖರ್ಚನ್ನು ಮರೆಮಾಚಬೇಡಿ, ದುಡ್ಡು ತಾರದ ಗಂಟೆಗಳನ್ನು ಹಿಡಿತಕ್ಕೆ ತನ್ನಿ. ಒಂದೇ ಸಲದ ಹತ್ತು ಜನಕ್ಕಿಂತ ತಿಂಗಳೂ ಕೆಲಸ ಕೊಡುವ ಇಬ್ಬರು ಸಿಕ್ಕಿ, ಆ ಎಂಟು ಗಂಟೆ ಐದಕ್ಕೆ ಇಳಿದರೆ, ಅದೇ 20,000ಕ್ಕೆ ಗಂಟೆಗೆ 420 ರೂಪಾಯಿ ಸಾಕಾಗುತ್ತದೆ.

ಇಲ್ಲಿನ ಎಂಟು ಗಂಟೆ, 44 ವಾರ ನಿಮ್ಮ ಮನೆಗೆ ಹೊಂದದೇ ಇರಬಹುದು. ಹಾಲಿನ ಲೆಕ್ಕ ಬರೆದಂತೆ ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ದುಡ್ಡು ತಂದ ಗಂಟೆ, ತಾರದ ಗಂಟೆ ಬೇರೆಬೇರೆ ಬರೆದಿಡಿ. ಮುಂದಿನ ಕೆಲಸಕ್ಕೆ ರೇಟು ಹೇಳುವುದು ಆ ಪುಟ ನೋಡಿಕೊಂಡೇ ಆಗಲಿ.