ಕೊನೆ ಪುಟಕ್ಕೊಂದು ಸಹಿ, ನೂರಾರು ಸಲ

ವೈರಮುಡಿ ಮುಗಿದ ಮೇಲೆ ಮೇಲುಕೋಟೆಯಲ್ಲಿ ಲೆಕ್ಕ ಒಪ್ಪಿಸುವ ಕೆಲಸ ಶುರು. ನಮ್ಮ ಚಿಕ್ಕಪ್ಪ ನೋಡಿಕೊಳ್ಳುವ ಅನ್ನದಾನಕ್ಕೆ ಹಣ ಕೊಟ್ಟವರಿಗೆ ಒಂದೊಂದು ಲೆಕ್ಕಪತ್ರ ಹೋಗಬೇಕು. ಈ ಸಲ 240 ಪಿಡಿಎಫ್. ಕೆಲವು ಒಂದೇ ಪುಟ, ಕೆಲವು ಮೂರು. “ಎಲ್ಲದರ ಕೊನೇ ಪುಟದಲ್ಲಿ ನನ್ ಸಹಿ ಒಂದೇ ಜಾಗದಲ್ಲಿ ಬರ್ಬೇಕು ಕಣಪ್ಪ” ಅಂದರು.

ಒಂದೊಂದನ್ನೇ ತೆರೆದು ಅಂಟಿಸುತ್ತಾ ಕೂರಬೇಕಿಲ್ಲ. ಕ್ಯುಪಿಡಿಎಫ್ ಅನ್ನೋ ಉಚಿತ ತಂತ್ರಾಂಶ ಸಾಕು. ಮೊದಲು ಲಿಬ್ರೆ ಆಫೀಸ್ ಡ್ರಾದಲ್ಲಿ ಖಾಲಿ ಎ4 ಪುಟ ತೆಗೆದು, ಸಹಿಯ ಚಿತ್ರವನ್ನು ಬೇಕಾದ ಜಾಗದಲ್ಲಿಟ್ಟು, ಪಿಡಿಎಫ್ ಮಾಡಿ. ಚಿತ್ರಕ್ಕೆ ಬಿಳಿ ಹಿನ್ನೆಲೆ ಇರಬಾರದು. ಇದ್ದರೆ ಅದು ಕೆಳಗಿನ ಅಕ್ಷರಗಳನ್ನು ಮುಚ್ಚಿಬಿಡುತ್ತೆ. ಈ ಪುಟವನ್ನು ಪತ್ರಗಳಿರುವ ಫೋಲ್ಡರಿನ ಹೊರಗಿಟ್ಟು, ಆ ಫೋಲ್ಡರಿನೊಳಗೆ ಹೋಗಿ ಹೀಗೆ ಕೊಡಿ:

```
mkdir -p out
for f in *.pdf; do
  qpdf "$f" --overlay ../sahi.pdf --to=z -- "out/$f"
done
```

ಇಲ್ಲಿ `z` ಅಂದರೆ ಕೊನೆ ಪುಟ, ಎಷ್ಟು ಪುಟವಿದ್ದರೂ. ಮೂಲ ಕಡತಗಳು ಹಾಗೇ ಉಳಿಯುತ್ತವೆ. ಸಹಿ ಬಿದ್ದ ಪ್ರತಿಗಳು `out` ಒಳಗೆ ಹೋಗುತ್ತವೆ.

ತೊಂದರೆ ಬರೋದು ಕಾಗದದ ಅಳತೆಯಲ್ಲಿ. ನಮ್ಮ 240ರಲ್ಲಿ ಹದಿನೆಂಟು ಪತ್ರ ಲೀಗಲ್ ಅಳತೆಯವು. ಪಿಡಿಎಫ್‌ನಲ್ಲಿ ಅಳತೆ ಪಾಯಿಂಟ್‌ಗಳಲ್ಲಿ; ಇಂಚಿಗೆ 72. ಎ4 ಎತ್ತರ 842, ಲೀಗಲ್ 1008. ಪುಟ ದೊಡ್ಡದಾದರೆ ಕ್ಯುಪಿಡಿಎಫ್ ಸಹಿ ಪುಟವನ್ನು ಹಿಗ್ಗಿಸದೆ ಮಧ್ಯಕ್ಕೆ ಇಡುತ್ತೆ. ಹೆಚ್ಚುವರಿ 166 ಪಾಯಿಂಟ್‌ನಲ್ಲಿ ಅರ್ಧ, ಅಂದರೆ 83, ಕೆಳಗೆ ಸೇರುತ್ತೆ. ಹಾಗಾಗಿ ತಳದಿಂದ 60 ಪಾಯಿಂಟ್ ಮೇಲಿರಬೇಕಾದ ಸಹಿ 143ಕ್ಕೆ ಏರುತ್ತೆ. ಹತ್ತಿರ ಹತ್ತಿರ ಮೂರು ಸೆಂಟಿಮೀಟರ್! ನಮ್ಮ ಪತ್ರದಲ್ಲಿ ಅಲ್ಲಿರೋದು ಒಟ್ಟು ಮೊತ್ತ. ಮೊತ್ತದ ಮೇಲೆ ಸಹಿ ಬಿದ್ದ ಲೆಕ್ಕವನ್ನು ಯಾರು ನಂಬುತ್ತಾರೆ?

ಅದಕ್ಕೇ ಮೊದಲು ಅಳತೆ ನೋಡಿ:

```
pdfinfo -f 1 -l -1 patra.pdf
```

ಪ್ರತಿ ಪುಟದ ಅಳತೆಯೂ ಬರುತ್ತೆ. ಲೀಗಲ್ ಪತ್ರಗಳನ್ನು ಬೇರೆ ಫೋಲ್ಡರಿಗೆ ಹಾಕಿ, ಲೀಗಲ್ ಅಳತೆಯಲ್ಲೇ ಇನ್ನೊಂದು ಸಹಿ ಪುಟ ಮಾಡಿದೆ. ಎರಡೂ ಗುಂಪಿನಿಂದ ಒಂದೊಂದು ತೆರೆದು ನೋಡಿದ ಮೇಲೇ ಉಳಿದದ್ದನ್ನು ಓಡಿಸಿದ್ದು.

ಚಿಕ್ಕಪ್ಪನಿಗೆ ಇನ್ನೊಂದು ಮಾತೂ ಹೇಳಿದೆ. ಇದು ಸಹಿಯ ಚಿತ್ರ ಅಷ್ಟೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುವ ಡಿಜಿಟಲ್ ಸಹಿ ಅಲ್ಲ. ಪತ್ರವನ್ನು ಆಮೇಲೆ ಯಾರಾದರೂ ತಿದ್ದಿದರೆ ಇದರಿಂದ ಗೊತ್ತಾಗಲ್ಲ. ಪಿಡಿಎಫ್‌ನಿಂದ ಆ ಚಿತ್ರವನ್ನು ಹೊರತೆಗೆದು ಬೇರೆ ಕಡೆ ಅಂಟಿಸುವುದೂ ಸುಲಭ. ಇನ್ನು ಲೆಕ್ಕಪರಿಶೋಧಕರು ಆಗಲೇ ಡಿಜಿಟಲ್ ಸಹಿ ಹಾಕಿದ ಕಡತದ ಮೇಲೆ ಹೀಗೆ ಒತ್ತಿದರೆ ಅವರ ಸಹಿಯೇ ಅಮಾನ್ಯವಾಗುತ್ತೆ. ಅಂಥ ಕಡತಕ್ಕೆ ಚಿತ್ರ ಮೊದಲು, ಡಿಜಿಟಲ್ ಸಹಿ ಕೊನೆಗೆ.

ಚಿಕ್ಕಪ್ಪ ಯೋಚಿಸಿ, ಬ್ಯಾಂಕಿಗೆ ಹೋಗುವ ಎರಡು ಪತ್ರ ಮಾತ್ರ ಮುದ್ರಿಸಿಕೊಂಡು ಪೆನ್ನಿನಲ್ಲೇ ಸಹಿ ಹಾಕಿದರು.